ಗೇರ್ ಬಿಗಿಯಾದರೆ ಸ್ಲೈಸರ್‌ನಲ್ಲಿ ಚಿಕ್ಕದು ಮಾಡಬೇಡಿ

ಪ್ರಶ್ನೆ: ಮನೆಯಲ್ಲಿ ರೇಷ್ಮೆ ನೂಲನ್ನು ಬಾಬಿನ್‌ಗೆ ಸುತ್ತುವ ಚಿಕ್ಕ ಮೆಷಿನ್ ಇದೆ ಸರ್. ಮೋಟಾರ್ 300 ಆರ್‌ಪಿಎಂ, ಬಾಬಿನ್ 100ಕ್ಕೆ ತಿರುಗಬೇಕು. ಎರಡು ಶಾಫ್ಟ್‌ಗಳ ನಡುವೆ 48 ಮಿ.ಮೀ. ಮಾಡ್ಯೂಲ್ 1ರಲ್ಲಿ 24 ಮತ್ತು 72 ಹಲ್ಲಿನ ಗೇರ್‌ಗಳನ್ನು ಪಿಎಲ್ಎನಲ್ಲಿ ಪ್ರಿಂಟ್ ಮಾಡಿದೆ. ತುಂಬಾ ಬಿಗಿ ಬಂತು. ಅದಕ್ಕೆ ಚಿಕ್ಕ ಗೇರನ್ನು ಸ್ಲೈಸರ್‌ನಲ್ಲಿ 98%ಗೆ ಇಳಿಸಿದೆ. ಈಗ ತಿರುಗುತ್ತೆ, ಆದ್ರೆ ಕರ್ ಅಂತ ಒಂದೇ ಸಮ ಸದ್ದು. ಹಲ್ಲಿನಿಂದ ಬಿಳಿ ಪುಡಿ ಬೇರೆ ಉದುರುತ್ತಿದೆ. ನೈಲಾನ್ ಹಾಕಿದರೆ ಸರಿ ಹೋಗುತ್ತಾ?
— ಓದುಗರು, ಶಿಡ್ಲಘಟ್ಟ

ಉತ್ತರ: ಬರೀ ನೈಲಾನ್ ಹಾಕಿದರೆ ಸರಿ ಹೋಗಲ್ಲ. ಸದ್ದಿನ ಮೂಲ ಆ 98%ನಲ್ಲಿದೆ.

ಎರಡು ಗೇರ್ ಒಂದಕ್ಕೊಂದು ತಾಗಿ ಉರುಳುವಂತೆ ಊಹಿಸಿಕೊಳ್ಳುವ ವೃತ್ತವೇ ಪಿಚ್ ವೃತ್ತ. ಮಾಡ್ಯೂಲ್ ಅಂದರೆ ಅದರ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಳತೆ. ಇಡೀ ಗೇರನ್ನು 98%ಗೆ ಇಳಿಸಿದಾಗ ಹಲ್ಲುಗಳ ಸಂಖ್ಯೆ 24 ಆಗಿಯೇ ಉಳಿಯಿತು, ವ್ಯಾಸ ಮಾತ್ರ ಕಡಿಮೆಯಾಯಿತು. ಅಲ್ಲಿಗೆ ನಿಮ್ಮ ಚಿಕ್ಕ ಗೇರ್‌ನ ಮಾಡ್ಯೂಲ್ 0.98, ದೊಡ್ಡದರದ್ದು 1. ಪಿಚ್ ವೃತ್ತದ ಮೇಲೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರ ದೊಡ್ಡದರಲ್ಲಿ 3.14 ಮಿ.ಮೀ., ಚಿಕ್ಕದರಲ್ಲಿ 3.08. ಹೊರೆ ಒಂದು ಹಲ್ಲಿನಿಂದ ಮುಂದಿನದಕ್ಕೆ ದಾಟುವಾಗಲೆಲ್ಲ ಆ ಮುಂದಿನ ಹಲ್ಲು ಸರಿಯಾದ ಜಾಗದಲ್ಲಿ ಇರುವುದಿಲ್ಲ. ಜಾರಿಕೊಂಡು ಸೇರಬೇಕಾದದ್ದು ಬಡಿಯುತ್ತದೆ. ಮೋಟಾರ್ ಸೆಕೆಂಡಿಗೆ 5 ಸುತ್ತು, ಸುತ್ತಿಗೆ 24 ಹಲ್ಲು. ಸೆಕೆಂಡಿಗೆ 120 ಬಡಿತ. ಅದೇ ನಿಮಗೆ ಕೇಳುತ್ತಿರುವ ಕರ್ ಶಬ್ದ. ಬಿಳಿ ಪುಡಿಯೂ ಅಲ್ಲಿಂದಲೇ ಬರುತ್ತಿದೆ.

ಹಾಗಾದರೆ ಮೊದಲು ಬಿಗಿ ಬಂದದ್ದು ಯಾಕೆ? ಡ್ರಾಯಿಂಗ್‌ನಲ್ಲಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವೆ ಬಿಡುವ ಸಡಿಲ, ಸೊನ್ನೆ ಇದ್ದಿರಬೇಕು. ಪ್ರಿಂಟರ್‌ನಲ್ಲಿ ಪ್ಲಾಸ್ಟಿಕ್ ಸ್ವಲ್ಪ ಅಗಲವಾಗಿ ಹರಡುತ್ತದೆ, ಹಲ್ಲು ಡ್ರಾಯಿಂಗ್‌ಗಿಂತ ದಪ್ಪ ಬರುತ್ತದೆ. ಈ ಸಡಿಲವನ್ನು ಇಡೀ ಗೇರ್ ಕುಗ್ಗಿಸಿ ಕೊಡಬಾರದು. ವ್ಯಾಸ, ಮಾಡ್ಯೂಲ್ ಹಾಗೇ ಇರಬೇಕು, ಹಲ್ಲು ಮಾತ್ರ ತೆಳ್ಳಗಾಗಬೇಕು. ಗೇರ್ ಬಿಡಿಸುವ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ backlash ಅಂತ ಒಂದು ಖಾನೆ ಇರುತ್ತದೆ, ಅದು ಇದಕ್ಕೇ ಇರುವುದು.

ಈಗ ನಿಮ್ಮ 48 ಮಿ.ಮೀ.ಗೆ ಬರೋಣ. ಎರಡೂ ಗೇರ್‌ಗಳ ಹಲ್ಲು ಕೂಡಿಸಿ, ಮಾಡ್ಯೂಲ್‌ನಿಂದ ಗುಣಿಸಿ, ಅರ್ಧ ಮಾಡಿದರೆ ಶಾಫ್ಟ್‌ಗಳ ದೂರ ಸಿಗುತ್ತದೆ. ನಿಮ್ಮ ಅದೃಷ್ಟಕ್ಕೆ 48ಕ್ಕೆ ಮೂರು ದಾರಿ ಇವೆ: ಮಾಡ್ಯೂಲ್ 1ರಲ್ಲಿ 24–72, ಮಾಡ್ಯೂಲ್ 1.5ರಲ್ಲಿ 16–48, ಮಾಡ್ಯೂಲ್ 2ರಲ್ಲಿ 12–36. ಮೂರರಲ್ಲೂ ವೇಗ ಮೂರನೇ ಒಂದು ಭಾಗಕ್ಕೇ ಇಳಿಯುತ್ತದೆ.

ನಾನಾಗಿದ್ದರೆ ನಡುವಿನದನ್ನೇ ಹಿಡಿಯುತ್ತೇನೆ. ಮಾಡ್ಯೂಲ್ 1ರ ಹಲ್ಲಿನ ತುದಿ ಮುಕ್ಕಾಲು ಮಿ.ಮೀ. ಆಸುಪಾಸು ಇರುತ್ತದೆ. 0.4 ನಾಜಲ್‌ಗೆ ಅಲ್ಲಿ ಎರಡು ಗೆರೆ ಎಳೆಯಲೂ ಜಾಗ ಸಾಲದು, ಹಲ್ಲಿನ ಆಕಾರವೇ ಕೆಡುತ್ತದೆ. ಮಾಡ್ಯೂಲ್ 2ರಲ್ಲಿ ಹಲ್ಲು ಗಟ್ಟಿ, ನಿಜ. ಆದರೆ ಚಿಕ್ಕ ಗೇರ್‌ಗೆ 12 ಹಲ್ಲು ಮಾತ್ರ. 20 ಡಿಗ್ರಿ ಒತ್ತಡ ಕೋನದಲ್ಲಿ 17ಕ್ಕಿಂತ ಕಡಿಮೆ ಹಲ್ಲಾದರೆ ಬುಡ ಕೊರೆದಂತಾಗಲು ಶುರುವಾಗುತ್ತದೆ. 12ಕ್ಕೆ ಅದು ಚೆನ್ನಾಗಿ ಕಾಣುತ್ತದೆ, 16ಕ್ಕೆ ಹೆಚ್ಚುಕಮ್ಮಿ ಇಲ್ಲ ಅನ್ನಬಹುದು. ಜೊತೆಗೆ ಹಲ್ಲು ಕಡಿಮೆಯಾದಷ್ಟೂ ಒಂದೇ ಸಲಕ್ಕೆ ಎರಡು ಜೊತೆ ಹಲ್ಲು ಸೇರಿ ಹೊರೆ ಹೊರುವ ಹೊತ್ತು ಕಡಿಮೆಯಾಗುತ್ತದೆ, ಸದ್ದು ಜಾಸ್ತಿಯಾಗುತ್ತದೆ.

ಬ್ಯಾಕ್‌ಲ್ಯಾಶ್ ಒಟ್ಟು 0.2 ಮಿ.ಮೀ. ಇಟ್ಟುಕೊಳ್ಳಿ. ಒಂದೊಂದು ಗೇರ್‌ನ ಹಲ್ಲಿನಿಂದ 0.1 ಹೋಗಲಿ. ಪ್ರಿಂಟ್‌ಗೆ ಮುಂಚೆ ಶಾಫ್ಟ್‌ಗಳ ದೂರ ನಿಜವಾಗಿಯೂ 48 ಇದೆಯಾ ನೋಡಿ. ವರ್ನಿಯರ್‌ನಲ್ಲಿ ಎರಡೂ ಶಾಫ್ಟ್‌ಗಳ ಹೊರಗಿನಿಂದ ಹೊರಗಿಗೆ ಅಳೆಯಿರಿ. ಒಂದು 6, ಇನ್ನೊಂದು 8 ಮಿ.ಮೀ. ಶಾಫ್ಟ್ ಆದರೆ 55 ತೋರಿಸಬೇಕು. 54.8 ತೋರಿಸಿದರೆ ದೂರ 0.2 ಕಡಿಮೆ ಇದೆ ಎಂದರ್ಥ. ಅಷ್ಟಕ್ಕೇ ಬ್ಯಾಕ್‌ಲ್ಯಾಶ್‌ನಲ್ಲಿ ಸುಮಾರು 0.15 ಹೋಗಿಬಿಡುತ್ತದೆ, ಉಳಿಯುವುದು ಬರೀ 0.05. ಹಾಗಾಗಿ ಮೋಟಾರ್ ಕೂರುವ ತಗಡಿನ ಸ್ಕ್ರೂ ತೂತುಗಳನ್ನು ಅರದಿಂದ ಉಜ್ಜಿ ಅರ್ಧ ಮಿ.ಮೀ. ಉದ್ದ ಮಾಡಿಕೊಳ್ಳಿ. ಹೊಂದಿಸಲು ಜಾಗ ಸಿಗುತ್ತದೆ.

ಹೊಂದಿಸುವುದು ಹೀಗೆ. ಮಾಮೂಲಿ ಎ4 ಜೆರಾಕ್ಸ್ ಕಾಗದ ಸುಮಾರು 0.1 ಮಿ.ಮೀ. ದಪ್ಪ. ಅದರ ಒಂದು ಪಟ್ಟಿ ಕತ್ತರಿಸಿ ಎರಡು ಗೇರ್‌ಗಳ ನಡುವೆ ತೂರಿಸಿ, ಮೋಟಾರನ್ನು ದೊಡ್ಡ ಗೇರ್ ಕಡೆ ಒತ್ತಿ ಸ್ಕ್ರೂ ಬಿಗಿ ಮಾಡಿ. ಕಾಗದ ಹಲ್ಲಿನ ಎರಡೂ ಮಗ್ಗುಲಲ್ಲಿ ಮಡಚಿ ಕೂರುವುದರಿಂದ ಒಟ್ಟು 0.2 ಸಡಿಲ ಸಿಗುತ್ತದೆ. ಗೇರ್ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಹಲ್ಲಿನ ಗುರುತು ಬಿದ್ದಿರಬೇಕು, ಹರಿದಿರಬಾರದು. ಕಾಲು ಕಾಲು ಸುತ್ತಿಗೆ ಒಂದೊಂದು ಸಲ ಪರೀಕ್ಷಿಸಿ. ಒಂದು ಕಡೆ ಸಲೀಸು, ಇನ್ನೊಂದು ಕಡೆ ಹರಿದರೆ ಗೇರ್‌ನ ತೂತು ನಡುವಿಗಿಲ್ಲ. ಇದನ್ನು ಕಿವಿಯಲ್ಲೂ ಕಂಡುಹಿಡಿಯಬಹುದು. ತೂತು ನಡುವಿನಿಂದ ಸರಿದಿದ್ದರೆ ಸದ್ದು ಸುತ್ತಿಗೊಂದು ಸಲ ಏರಿ ಇಳಿಯುತ್ತದೆ, ಹಲ್ಲಿನದೇ ತಪ್ಪಾದರೆ ಒಂದೇ ಸಮ ಬರುತ್ತದೆ. ತೂತನ್ನು ಸ್ವಲ್ಪ ಚಿಕ್ಕದಾಗಿ ಪ್ರಿಂಟ್ ಮಾಡಿ, ಆಮೇಲೆ ರೀಮರ್‌ನಲ್ಲಿ ಸರಿಯಾದ ಅಳತೆಗೆ ತನ್ನಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲ ಪದರ ಪ್ಲೇಟಿಗೆ ಒತ್ತಿ ಹೊರಗೆ ಉಬ್ಬುತ್ತದೆ. ನೀವು ಲೆಕ್ಕ ಹಾಕಿ ಬಿಟ್ಟ ಸಡಿಲವನ್ನು ಆ ತೆಳು ಅಂಚೇ ನುಂಗುತ್ತದೆ. ಇದನ್ನು ತಡೆಯುವ ಸೆಟ್ಟಿಂಗ್ PrusaSlicerನಲ್ಲಿ Elephant foot compensation, Curaದಲ್ಲಿ Initial Layer Horizontal Expansion (ಇಲ್ಲಿ ಮೈನಸ್ ಅಂಕಿ ಕೊಡಬೇಕು). ಅದರಲ್ಲೂ ಹೋಗದಿದ್ದರೆ ಚೂಪಾದ ಬ್ಲೇಡಿನಿಂದ ಅಂಚು ಕೆರೆದುಬಿಡಿ.

ಈಗ ನೈಲಾನ್. ಚಿಕ್ಕ ಗೇರ್ ಮಾತ್ರ ನೈಲಾನ್‌ನಲ್ಲಿ ಮಾಡಿ. ದೊಡ್ಡದರ ಒಂದು ಹಲ್ಲು ಒಂದು ಸಲ ಸೇರುವಷ್ಟರಲ್ಲಿ ಚಿಕ್ಕದರ ಹಲ್ಲು ಮೂರು ಸಲ ಸೇರಿರುತ್ತದೆ, ಸವೆತ ಅದಕ್ಕೇ ಜಾಸ್ತಿ. ನೈಲಾನ್ ಜಾರುತ್ತದೆ, ಬಡಿತವನ್ನೂ ಸ್ವಲ್ಪ ನುಂಗುತ್ತದೆ. ಆದರೆ ಗಾಳಿಯ ತೇವ ಹೀರಿ ಊದುತ್ತದೆ. ನೂಲು ತೆಗೆಯುವ ಬಿಸಿನೀರಿನ ಬೇಸಿನ್ ಪಕ್ಕದಲ್ಲೇ ಇದ್ದರಂತೂ ಕೇಳಲೇಬೇಡಿ. ಶೇಕಡಾ 0.7ರಷ್ಟು ಊದಿತು ಅಂತಿಟ್ಟುಕೊಳ್ಳಿ. 24 ಮಿ.ಮೀ. ಗೇರ್ ಬೆಳೆಯುವುದು 0.17 ಮಿ.ಮೀ., ಅದೂ ವ್ಯಾಸದಲ್ಲಿ. ಇದನ್ನು ಕಾಗದದ ಪಟ್ಟಿಯಲ್ಲಿ ಮತ್ತೆ ಹೊಂದಿಸಿಕೊಳ್ಳಬಹುದು. 72 ಮಿ.ಮೀ. ಗೇರ್ ಅರ್ಧ ಮಿ.ಮೀ. ಬೆಳೆದು ಕಚ್ಚಿಕೊಳ್ಳುತ್ತದೆ. ಅದಕ್ಕೇ ದೊಡ್ಡದು ಪಿಇಟಿಜಿ ಇರಲಿ. ಪಿಎಲ್ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ಶೀಟ್ ಮಾಡಿನ ಕೆಳಗೆ, ಬಿಸಿ ಮೋಟಾರ್ ಪಕ್ಕ, ಅದನ್ನು ನಂಬುವಂತಿಲ್ಲ. ಎರಡನ್ನೂ ಪಿಇಟಿಜಿಯಲ್ಲೇ ಮಾಡಲು ಹೋಗಬೇಡಿ, ಒಂದಕ್ಕೊಂದು ಉಜ್ಜಿ ಕೀರಲು ಸದ್ದು ಬರುತ್ತದೆ.

ನೈಲಾನ್ ಫಿಲಮೆಂಟನ್ನು ಪ್ರಿಂಟ್‌ಗೆ ಮುಂಚೆ 70–80 ಡಿಗ್ರಿಯಲ್ಲಿ ಒಂದು ರಾತ್ರಿ ಒಣಗಿಸಿ. ನಾಜಲ್‌ನಲ್ಲಿ ಚಟಪಟ ಅಂದರೆ ಇನ್ನೂ ತೇವ ಇದೆ ಅಂತಲೇ ಲೆಕ್ಕ. ಎರಡೂ ಗೇರ್‌ಗೆ ಗೋಡೆಗಳು ಐದು ಇರಲಿ, ಹಲ್ಲು ಪೂರ್ತಿ ಗೋಡೆಯಿಂದಲೇ ತುಂಬಬೇಕು.

ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿದರೆ ಸದ್ದು ಇನ್ನೂ ಇಳಿಯುತ್ತದೆ. ಆದರೆ ನಿಮ್ಮಲ್ಲಿ ಪಕ್ಕದಲ್ಲೇ ರೇಷ್ಮೆ ಓಡುತ್ತಿದೆ, ಒಂದು ಹನಿ ಸಿಡಿದರೂ ನೂಲಿಗೆ ಕಲೆ. ಗೇರ್‌ಗಳಿಗೆ ಮುಚ್ಚಳ ಪ್ರಿಂಟ್ ಮಾಡಿ ಹಾಕಿದ ಮೇಲೆಯೇ ಗ್ರೀಸ್ ಮುಟ್ಟಿ. ವಾರ ಓಡಿಸಿದ ಮೇಲೆ ನೈಲಾನ್ ತೇವ ಹೀರಿ ಒಂದು ಹದಕ್ಕೆ ಬಂದಿರುತ್ತದೆ, ಆಗ ಕಾಗದದ ಪಟ್ಟಿಯಲ್ಲಿ ಇನ್ನೊಮ್ಮೆ ನೋಡಿ ಸ್ಕ್ರೂ ಬಿಗಿ ಮಾಡಿ.