ಟ್ರೇಲರ್ ನೋಡಿ ಏಳು ಟಿಕೆಟ್ ಬುಕ್ ಮಾಡುವ ಮುಂಚೆ

"ಟ್ರೇಲರ್ ನೋಡಿದ್ರೆ ಪೂರ್ತಿ ಕಾಮಿಡಿ ಅನ್ಸುತ್ತೆ. ಭಾನುವಾರ ಚಿತ್ರದುರ್ಗದಿಂದ ಅತ್ತೆ ಮಾವ ಬರ್ತಾರೆ, ದಾವಣಗೆರೆಯಲ್ಲೇ ಏಳು ಟಿಕೆಟ್ ಬುಕ್ ಮಾಡ್ಲಾ? ಹೋದ ಸಲ ಹೀಗೇ ನಂಬಿ ಹೋಗಿ ಇಂಟರ್ವಲ್‌ಗೇ ಎದ್ದು ಬಂದ್ವಿ."

ಅಕ್ಕಾ, ಈಗಲೇ ಬುಕ್ ಮಾಡಬೇಡಿ. ಮೊದಲು ಸೌಂಡ್ ಪೂರ್ತಿ ತೆಗೆದು ಇನ್ನೊಂದು ಸಲ ನೋಡಿ. ನಗು ಬರಿಸುತ್ತಿರುವುದು ಅರ್ಧಕ್ಕರ್ಧ ಮ್ಯೂಸಿಕ್. ಡೈಲಾಗ್‌ಗೆ ಮುಂಚೆ ಬಿಜಿಎಂ ಗಪ್ ಅಂತ ನಿಲ್ಲುತ್ತದೆ, ಡೈಲಾಗ್ ಮುಗಿದ ತಕ್ಷಣ ಡೋಲು. ಆ ಮ್ಯೂಸಿಕ್ ಸಿನಿಮಾದಲ್ಲಿ ಇರಲೇಬೇಕು ಅಂತೇನಿಲ್ಲ, ಟ್ರೇಲರ್‌ಗೇ ಅಂತ ಬೇರೆ ಮಾಡಿಸುವುದು ಮಾಮೂಲು.

ಸೌಂಡ್ ಇಲ್ಲದೆ ನೋಡುವಾಗ ಮುಖ ಬಿಟ್ಟು ಬಟ್ಟೆ ನೋಡಿ. ನಾನು ಯಾವ ಟ್ರೇಲರ್ ಆದರೂ ಇದನ್ನೇ ಮಾಡುವುದು. ನೀವು ಹಾಕಿರುವುದರಲ್ಲಿ ನಗುವ ಜಾಗಗಳೆಲ್ಲ ಮೊದಲ ಒಂದೂವರೆ ನಿಮಿಷದಲ್ಲಿವೆ, ಎಲ್ಲದರಲ್ಲೂ ಹೀರೋ ಅದೇ ಹಳದಿ ಚೌಕಳಿ ಅಂಗಿ, ಅದೇ ನಡುಮನೆ, ಗೋಡೆ ಮೇಲೆ ಅದೇ ಕ್ಯಾಲೆಂಡರ್. ಅಂದರೆ ಒಂದೋ ಎರಡೋ ಸೀನ್ ಹಿಂಡಿ ಅಷ್ಟು ಜೋಕ್ ತೆಗೆದಿದ್ದಾರೆ. ಕೊನೆಗೆ ಟಪಟಪ ಅಂತ ಹೋಗುವ ಶಾಟ್‌ಗಳನ್ನು ನಿಲ್ಲಿಸಿ ನೋಡಿ. ಹೀರೋಗೆ ಗಡ್ಡ ಬಂದಿದೆ, ಹಣೆಗೆ ಬ್ಯಾಂಡೇಜು, ಒಂದರಲ್ಲಿ ಆಸ್ಪತ್ರೆ ವರಾಂಡ. ಅಲ್ಲಿ ಒಂದೇ ಒಂದು ಮಾತಿಲ್ಲ. ಸೆಕೆಂಡ್ ಹಾಫ್ ಅಳು ಅಥವಾ ಹೊಡೆದಾಟ ಅನ್ನುವುದು ನನ್ನ ಲೆಕ್ಕ. ಮೊಬೈಲಿನಲ್ಲಾದರೆ ಸ್ಪೀಡ್ 0.25ಕ್ಕೆ ಇಳಿಸಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಪಾಸ್ ಮಾಡಿ `.` ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, `,` ಒತ್ತಿದರೆ ಹಿಂದೆ.

ಆಮೇಲೆ ಅತ್ತೆ ಪಾತ್ರ ಬೆಚ್ಚಿ ಬೀಳುವ ಶಾಟ್. ಎಲ್ಲರೂ ಸ್ಕ್ರೀನ್‌ಶಾಟ್ ಹಾಕುತ್ತಿದ್ದೀರಲ್ಲ, ಅದೇ. ಹೀರೋ ಮಾತಾಡುವಾಗ ಕಿಟಕಿಯಲ್ಲಿ ಬಿಸಿಲಿದೆ, ಆಯಮ್ಮನ ಮೇಲೆ ಟ್ಯೂಬ್‌ಲೈಟ್ ಬೆಳಕು. ಅದು ಬೇರೆ ಸೀನು, ಬೇರೆ ಯಾವುದಕ್ಕೋ ಬೆಚ್ಚಿದ್ದು, ತಂದು ಅಂಟಿಸಿದ್ದಾರೆ. "ಮದುವೆ ನಿಂತ್ರೆ ನಿಲ್ಲಲಿ" ಅನ್ನುವಾಗಲೂ ಹೀರೋ ಬೆನ್ನು ಮಾತ್ರ ಕಾಣುತ್ತದೆ. ತುಟಿ ಕಾಣದ ಮಾತನ್ನು ಎಲ್ಲಿಂದ ಬೇಕಾದರೂ ತಂದು ಕೂರಿಸಬಹುದು, ಹಂಗಾಗಿ ಅದನ್ನು ಕಥೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ನಟನೆ ಹೇಗಿದೆ ಅಂತ ತಿಳಿಯಬೇಕಾದರೆ, ಒಬ್ಬರು ಒಂದು ಮಾತು ಪೂರ್ತಿ ಆಡಿ ಮುಗಿಸಿ, ಆಮೇಲೂ ಒಂದೆರಡು ಸೆಕೆಂಡ್ ಕ್ಯಾಮೆರಾ ಅವರ ಮೇಲೇ ನಿಲ್ಲುವ ಶಾಟ್ ಹುಡುಕಿ. ನಿಮ್ಮದರಲ್ಲಿ ನನಗೆ ಒಂದೇ ಸಿಕ್ಕಿತು, ಅಪ್ಪನ ಪಾತ್ರದ್ದು. ಚೆನ್ನಾಗಿದೆ. ಹೀರೋದು ಒಂದೂ ಇಲ್ಲ. ಹಾಗಂತ ಸಿನಿಮಾ ಡಬ್ಬಾ ಅಂತ ನಾನು ಹೇಳುತ್ತಿಲ್ಲ, ಟ್ರೇಲರ್ ಕಟ್ ಮಾಡುವವರು ಎಷ್ಟೋ ಸಲ ಸಿನಿಮಾದ ಎಡಿಟರ್ ಆಗಿರುವುದೇ ಇಲ್ಲ. ಒಳ್ಳೆಯ ತಿರುವು ಇದ್ದರೂ ಸೆಕೆಂಡ್ ಹಾಫ್ ಮುಚ್ಚಿಡುತ್ತಾರೆ. ಮುಚ್ಚಿಟ್ಟಿದ್ದಾರೆ ಅನ್ನುವುದಷ್ಟೇ ನಮಗೆ ಗೊತ್ತಾಗುವುದು, ಯಾಕೆ ಅಂತ ಟ್ರೇಲರಿನಿಂದ ಗೊತ್ತಾಗಲ್ಲ.

ಮೇಲೆ ಒಬ್ಬರು "ಟ್ರೇಲರ್‌ಗೆ ಯು ಸರ್ಟಿಫಿಕೇಟ್ ಇದೆ, ಮನೆಯವರ ಜೊತೆ ಧೈರ್ಯವಾಗಿ ಹೋಗಿ" ಅಂದಿದ್ದಾರೆ. ಸರ್ಟಿಫಿಕೇಟ್ ನೋಡಿ ಅನ್ನುವುದು ಸರಿ ಅಣ್ಣಾ, ಆದರೆ ನೀವು ನೋಡಿದ್ದು ಟ್ರೇಲರಿಗೆ ಕೊಟ್ಟಿದ್ದು. ಸಿನಿಮಾದ್ದು ಬೇರೆ ಬರುತ್ತದೆ. 2024ರಿಂದ ಯುಎ ಒಳಗೇ 7+, 13+, 16+ ಅಂತ ಮೂರು ಮಾಡಿದ್ದಾರೆ. ಪೋಸ್ಟರಿನಲ್ಲಿ ಯುಎ 16+ ಕಂಡರೆ ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ಯೋಚಿಸಿ.

ಗ್ರಾಹಕರ ಕೋರ್ಟಿಗೆ ಹಾಕಿ ಅಂದವರಿಗೆ: ಆ ದಾರಿಯನ್ನು ಈಗಾಗಲೇ ನೋಡಿ ಆಗಿದೆ. 2016ರ 'ಫ್ಯಾನ್' ಸಿನಿಮಾದ ಪ್ರೋಮೋದಲ್ಲಿದ್ದ ಹಾಡು ಸಿನಿಮಾದಲ್ಲಿ ಇರಲಿಲ್ಲ. ಕೇಸ್ ಹಾಕಿದವರಿಗೆ ಗ್ರಾಹಕರ ಆಯೋಗದಲ್ಲಿ 10,000 ರೂಪಾಯಿ ಪರಿಹಾರವೂ ಆಯಿತು. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ರೋಮೋದಲ್ಲಿ ತೋರಿಸಿದ ಮಾತ್ರಕ್ಕೆ ಪ್ರೇಕ್ಷಕರ ಜೊತೆ ಒಪ್ಪಂದ ಆದ ಹಾಗಲ್ಲ ಅಂತ. ಸುಮ್ನೆ ವಕೀಲರ ಫೀಸು ದಂಡ.

ಯಾವ ಥಿಯೇಟರಿನಲ್ಲಿ ಸೌಂಡ್ ಚೆನ್ನಾಗಿದೆ ಅಂತ ಕೇಳಿದ ತಮ್ಮಾ, ಇಲ್ಲಿ ನಡೆಯುತ್ತಿರುವ ಮಾತೇ ಬೇರೆ, ಅದಕ್ಕೆ ಬೇರೆ ಪೋಸ್ಟ್ ಹಾಕು.

ಇನ್ನು ಬುಕ್‌ಮೈಶೋದಲ್ಲಿ ಇಂಟರೆಸ್ಟೆಡ್ ಒತ್ತಿದವರ ಸಂಖ್ಯೆ ತೋರಿಸಿ ಹಿಟ್ ಅನ್ನಬೇಡಿ. ಸಿನಿಮಾ ಬರುವ ಮುಂಚೆ ಒತ್ತುವುದದು, ನೋಡಿದವರ ಲೆಕ್ಕ ಅಲ್ಲ. ಅಕ್ಕಾ, ಶುಕ್ರವಾರ ಫಸ್ಟ್ ಶೋ ನೋಡಿ ಬಂದವರನ್ನು ಹಿಡಿದು ಒಂದೇ ಪ್ರಶ್ನೆ ಕೇಳಿ, ಇಂಟರ್ವಲ್ ಆದಮೇಲೆ ಎಲ್ಲಾದರೂ ನಕ್ಕಿರಾ ಅಂತ. "ಸೂಪರ್" ಅಂದರೆ ಬಿಡಬೇಡಿ, ಯಾವ ಸೀನ್ ಅಂತ ಕೇಳಿ. ಹಳದಿ ಅಂಗಿ ಸೀನೇ ಹೇಳಿದರೆ ಅತ್ತೆ ಮಾವನನ್ನು ಬೇರೆ ಕಡೆ ಕರೆದುಕೊಂಡು ಹೋಗಿ. ಬೇರೆ ಸೀನ್ ಹೇಳಿದರೆ ಶನಿವಾರ ಬುಕ್ ಮಾಡಿ, ಏಳು ಜನಕ್ಕೆ ಒಂದೇ ಸಾಲು ಬೇಕಿದ್ದರೆ ಬೆಳಗ್ಗೆಯೇ.