ಸ್ಕ್ಯಾನಿಂಗ್‌ನಲ್ಲಿ ಕಂಡ ರಕ್ತ, ಜೊತೆಗೇ ಕಂಡ ಎದೆಬಡಿತ

*ಮೇಡಂ, ನನಗೆ 29 ವರ್ಷ. ಏಳು ವಾರ ಎರಡು ದಿನದ ಬಸುರಿ. ಹೋದ ವರ್ಷ ಆರನೇ ವಾರಕ್ಕೇ ಒಂದು ಅಬಾರ್ಷನ್ ಆಗಿತ್ತು. ಮೊನ್ನೆ ಬೆಳಿಗ್ಗೆ ಕೆಂಪಗೆ ಬ್ಲೀಡಿಂಗ್ ಆಯ್ತು, ಅರ್ಧ ಪ್ಯಾಡ್ ನೆನೆಯಿತು. ಸ್ಕ್ಯಾನ್ ಮಾಡಿ, ಮಗು 11 ಮಿ.ಮೀ., ಎದೆಬಡಿತ 142, ಗರ್ಭಚೀಲ 24 ಮಿ.ಮೀ., ಅದರ ಪಕ್ಕ 16×9×5 ಮಿ.ಮೀ. ರಕ್ತ ಕಟ್ಟಿದೆ ಅಂತ ಬರೆದುಕೊಟ್ಟರು. ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯ್ತು, ಇನ್ನು ಹಾಸಿಗೆ ಬಿಟ್ಟು ಏಳಬೇಡ ಅಂತಾರೆ ಅತ್ತೆ. ಪ್ರೊಜೆಸ್ಟರಾನ್ ಮಾತ್ರೆ ಯೋನಿಯ ಒಳಗೆ ಇಟ್ಟುಕೊಳ್ಳಬೇಕಂತೆ, ಅದಕ್ಕೂ ಭಯ. ಈ ಮಗು ಉಳಿಯುತ್ತಾ?*
*— ಹಾಸನ ಜಿಲ್ಲೆಯ ಓದುಗರು*

ಉಳಿಯುವ ಸಾಧ್ಯತೆಯೇ ಜಾಸ್ತಿ. ಅದು ಎಷ್ಟು, ಯಾಕೆ ಅಂತ ನಿಮ್ಮ ರಿಪೋರ್ಟನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಆ ಮೂರು ಅಂಕಿ ನೋಡೋಣ. ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿ, ಬಂದದ್ದರ ಅರ್ಧದಷ್ಟು ಹಿಡಿದರೆ ರಕ್ತದ ಪ್ರಮಾಣ ಅಂದಾಜಾಗಿ ಸಿಗುತ್ತದೆ. ನಿಮ್ಮದು 0.4 ಮಿ.ಲೀ.ಗಿಂತ ಕಡಿಮೆ. ಅಂದರೆ ಏಳೆಂಟು ಹನಿ. ಗರ್ಭಚೀಲಕ್ಕೂ ಇದೇ ಲೆಕ್ಕ ಹಾಕಿದರೆ ಸುಮಾರು 7 ಮಿ.ಲೀ. ಬರುತ್ತದೆ. ಚೀಲದ ಇಪ್ಪತ್ತನೇ ಒಂದು ಪಾಲಿನಷ್ಟು ರಕ್ತ ಅದರ ಪಕ್ಕದಲ್ಲಿದೆ ಅಷ್ಟೆ. ಐದನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ನಾವು ಡಾಕ್ಟರುಗಳು ಸಾಮಾನ್ಯವಾಗಿ ಸಣ್ಣದು ಅಂತಲೇ ಕರೆಯುತ್ತೇವೆ. ಚೀಲದ ಅರ್ಧಕ್ಕಿಂತ ಜಾಸ್ತಿ ಇದ್ದರೆ ದೊಡ್ಡದು. ರಿಪೋರ್ಟ್‌ನಲ್ಲಿ ಬರೀ ಮಿಲಿಮೀಟರ್ ನೋಡಿದರೆ 16 ಅನ್ನುವುದು ಮಗುವಿನ 11ಕ್ಕಿಂತ ದೊಡ್ಡದಾಗಿ ಕಂಡು ಎದೆ ಝಲ್ಲೆನ್ನುತ್ತದೆ. ಹೋಲಿಸಬೇಕಾದ್ದು ಮಗುವಿನ ಜೊತೆ ಅಲ್ಲ, ಚೀಲದ ಜೊತೆ.

ಈ ರಕ್ತ ಮಗು ಇರುವ ನೀರಿನೊಳಗೆ ಇಲ್ಲ. ಚೀಲದ ಹೊರಪದರಕ್ಕೂ ಗರ್ಭಕೋಶದ ಗೋಡೆಗೂ ನಡುವೆ, ಗೋಡೆಯಿಂದ ಚೂರು ಬಿಟ್ಟುಕೊಂಡ ಜಾಗದಲ್ಲಿದೆ. ಸ್ಕ್ರೀನ್ ಮೇಲೆ ಅದು ಚೀಲದ ಅಂಚಿಗೆ ಅಂಟಿಕೊಂಡ ಕಪ್ಪು ಬಿದಿಗೆ ಚಂದ್ರನ ಹಾಗೆ ಕಾಣುತ್ತದೆ. ರಿಪೋರ್ಟ್‌ನಲ್ಲಿ ಸಬ್‌ಕೋರಿಯಾನಿಕ್ ಹೆಮಟೋಮಾ ಅಂತ ಬರೆದಿರುತ್ತಾರಲ್ಲ, ಅದು ಇದೇ. ಸೋರಿದ ರಕ್ತ ಮುಖ್ಯವಾಗಿ ನಿಮ್ಮದೇ, ಮಗುವಿನದಲ್ಲ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ. ಶುರುವಿನಲ್ಲಿ ಬ್ಲೀಡಿಂಗ್ ಆಗಿ, ಸ್ಕ್ಯಾನ್‌ನಲ್ಲಿ ಮಗುವಿನ ಎದೆಬಡಿತ ಸರಿಯಾಗಿ ಕಂಡು, ಪಕ್ಕದಲ್ಲಿ ಸಣ್ಣ ರಕ್ತ ಇದ್ದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರ ಗರ್ಭ ಮುಂದುವರಿಯುತ್ತದೆ. ದೊಡ್ಡದಿದ್ದರೆ ಅಪಾಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಆಗಲೂ ಹೆಚ್ಚಿನವರ ಮಗು ಉಳಿಯುತ್ತದೆ. ನಿಮ್ಮ ವಿಷಯದಲ್ಲಿ ಒಳ್ಳೆಯದು ಇಷ್ಟಿದೆ: ವಯಸ್ಸು 35 ದಾಟಿಲ್ಲ, ಏಳು ವಾರಕ್ಕೆ ಇರಬೇಕಾದಷ್ಟೇ ಮಗು ಬೆಳೆದಿದೆ, 142 ಚೆನ್ನಾಗಿರುವ ಎದೆಬಡಿತ. ಸ್ವಲ್ಪ ಎಚ್ಚರ ಬೇಕಾದ್ದು ಎರಡು. ಬ್ಲೀಡಿಂಗ್ ಎಂಟು ವಾರಕ್ಕೂ ಮೊದಲೇ ಆಗಿದೆ, ಹಿಂದೊಂದು ಗರ್ಭ ಹೋಗಿದೆ. ಹಾಗಾಗಿ ಏನೂ ಆಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಆದರೆ ಅಪಾಯವನ್ನು ಅಳೆಯುವಾಗ ಆ ರಕ್ತಕ್ಕಿಂತ ಎದೆಬಡಿತಕ್ಕೇ ಹೆಚ್ಚು ತೂಕ. ನಿಮ್ಮ ಮನೆಯವರಿಗೂ ಇದನ್ನು ಬಿಡಿಸಿ ಹೇಳಿ.

ಅತ್ತೆಯವರ ಆತಂಕ ಅರ್ಥವಾಗುತ್ತದೆ. ಆದರೆ ಸ್ಕೂಟರ್ ಕಾರಣ ಅಲ್ಲ. ಇದು ಯಾಕೆ ಆಗುತ್ತದೆ ಅನ್ನುವುದು ಬಹುಪಾಲು ಮಂದಿಯಲ್ಲಿ ಗೊತ್ತಾಗುವುದೇ ಇಲ್ಲ. ಚೀಲ ಗೋಡೆಗೆ ಕಚ್ಚಿಕೊಂಡು ಬೆಳೆಯುವಾಗ ಅಂಚಿನ ಸಣ್ಣ ರಕ್ತನಾಳಗಳು ಸೋರಿದರೆ ಸಾಕು. ಶುರುವಿನ ವಾರಗಳಲ್ಲಿ ಗರ್ಭ ನಿಲ್ಲದೆ ಹೋಗುವುದಕ್ಕೆ ಅರ್ಧಕ್ಕರ್ಧ ಕಾರಣ ಮಗುವಿನ ಕ್ರೋಮೋಸೋಮ್‌ಗಳಲ್ಲಿನ ವ್ಯತ್ಯಾಸ. ಅದು ಗರ್ಭ ನಿಲ್ಲುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಹೋದ ವರ್ಷದ್ದಕ್ಕೂ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಸುಮ್ನೆ ವಾರಗಟ್ಟಲೆ ಮಲಗಿದರೆ ಮಲಬದ್ಧತೆ, ಸೊಂಟನೋವು ಬರುತ್ತದೆ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಬಸುರಿಯರಲ್ಲಿ ಮೊದಲೇ ಜಾಸ್ತಿ. ಕೆಂಪು ಬ್ಲೀಡಿಂಗ್ ಇರುವಷ್ಟು ದಿನ ತೂಕ ಎತ್ತಬೇಡಿ, ಸಂಭೋಗ ಬೇಡ, ದಣಿವಾದಾಗ ಕೂತುಕೊಳ್ಳಿ. ಇದೂ ಜಾಗ್ರತೆಗಷ್ಟೇ. ಅಡುಗೆ, ಸ್ನಾನ, ಮನೆಯೊಳಗೆ ಓಡಾಟ, ಇದಕ್ಕೆಲ್ಲ ಅಡ್ಡಿಯಿಲ್ಲ. ಕೆಂಪು ನಿಂತ ಮೇಲೆ ಕೆಲಸಕ್ಕೆ ಹೋಗಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಹೂಂ ಅಂತಾರೆ.

ಆ ಮಾತ್ರೆಯನ್ನು ಮಾತ್ರ ಭಯಪಟ್ಟು ಬಿಡಬೇಡಿ. ಇಂಗ್ಲೆಂಡಿನ ಕಡೆ ಬ್ಲೀಡಿಂಗ್ ಆದ ನಾಲ್ಕು ಸಾವಿರಕ್ಕೂ ಹೆಚ್ಚು ಬಸುರಿಯರ ಮೇಲೆ ಪ್ರಿಸಂ ಅನ್ನುವ ಅಧ್ಯಯನ ನಡೆಯಿತು. ಅದು ಹೊರಬಂದದ್ದು 2019ರಲ್ಲಿ. ಒಟ್ಟಾರೆ ಎಲ್ಲರಿಗೂ ಪ್ರೊಜೆಸ್ಟರಾನ್‌ನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಆದರೆ ಬ್ಲೀಡಿಂಗ್ ಜೊತೆಗೆ ಹಿಂದೆ ಒಂದಾದರೂ ಗರ್ಭ ಹೋದವರಲ್ಲಿ ಮಗು ಉಳಿದದ್ದು ನೂರಕ್ಕೆ 70ರಿಂದ 75ಕ್ಕೆ ಏರಿತು. ನೀವು ಆ ಗುಂಪಿನವರು. ಅಲ್ಲಿ ಕೊಟ್ಟಿದ್ದು 400 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಹದಿನಾರು ವಾರದವರೆಗೆ. ನಿಮ್ಮ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ನೀವಾಗಿ ಬದಲಿಸಬೇಡಿ, ಡಾಕ್ಟರ ಹತ್ತಿರ ಮಾತಾಡಿ. ಗರ್ಭಕೋಶದ ಬಾಯಿ ಮುಚ್ಚಿರುತ್ತದೆ, ಬೆರಳಾಗಲಿ ಮಾತ್ರೆಯಾಗಲಿ ಮಗುವಿನ ತನಕ ಹೋಗುವುದಿಲ್ಲ. ಕೈ ತೊಳೆದು, ರಾತ್ರಿಯದನ್ನು ಮಲಗುವ ಮುಂಚೆ ಇಟ್ಟುಕೊಳ್ಳಿ. ಬೆಳಿಗ್ಗೆ ಬೆಳ್ಳಗೆ ಸ್ವಲ್ಪ ಹೊರಬಂದರೆ ಅದು ಮಾತ್ರೆಯ ಪುಡಿ. ಇದು ಕಟ್ಟಿದ ರಕ್ತವನ್ನು ಕರಗಿಸುವ ಔಷಧ ಅಲ್ಲ. ರಕ್ತ ತಾನಾಗೇ ಹೀರಿಕೊಂಡು ಹೋಗುತ್ತದೆ, ಇಲ್ಲವೇ ಹೊರಗೆ ಬರುತ್ತದೆ. ಆಸ್ಪಿರಿನ್ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಹೇಳಿ.

ಮುಂದಿನ ದಿನಗಳಲ್ಲಿ ಕಾಫಿ ಪುಡಿ ಬಣ್ಣದ ಬ್ಲೀಡಿಂಗ್ ಕಾಣಿಸಬಹುದು, ವಾರಗಟ್ಟಲೆ ಬಿಟ್ಟುಬಿಟ್ಟು ಬರಲೂಬಹುದು. ಅದು ಒಳಗೆ ನಿಂತಿದ್ದ ಹಳೇ ರಕ್ತ. ಹೆದರಬೇಕಾದ್ದು ಬೇರೆ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು ಅದು ಎರಡು ಗಂಟೆ ಮುಂದುವರಿದರೆ, ಹೊಟ್ಟೆನೋವು ಹಿಂಡಿ ಹಿಂಡಿ ಜಾಸ್ತಿಯಾಗುತ್ತಾ ಹೋದರೆ, ಮಾಂಸದಂಥ ತುಣುಕು ಹೋದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ, ಜ್ವರ ಅಥವಾ ಕೆಟ್ಟ ವಾಸನೆ ಇದ್ದರೆ, ರಾತ್ರಿಯಾದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಇದ್ಯಾವುದೂ ಇಲ್ಲದಿದ್ದರೆ ಹತ್ತು ದಿನ ಬಿಟ್ಟು ಇನ್ನೊಂದು ಸ್ಕ್ಯಾನ್ ಸಾಕು. ಎರಡು ದಿನಕ್ಕೊಮ್ಮೆ ನೋಡಿಸುವುದರಿಂದ ಆತಂಕ ಬೆಳೆಯುತ್ತದೆಯೇ ಹೊರತು ಚಿಕಿತ್ಸೆ ಬದಲಾಗುವುದಿಲ್ಲ. ಈ ವಾರಗಳಲ್ಲಿ ಮಗು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಆವತ್ತು ನೀವು ಮೊದಲು ಕೇಳಬೇಕಾದ್ದು, ಮಗು 20 ಮಿಲಿಮೀಟರ್ ಹತ್ತಿರ ಬಂದಿದೆಯಾ, ಎದೆಬಡಿತ ಹೇಗಿದೆ ಅಂತ. ರಕ್ತದ ಅಳತೆ ಆಮೇಲೆ ಕೇಳಿ. ಅದು ಒಂದೆರಡು ಮಿಲಿಮೀಟರ್ ಹೆಚ್ಚಾಗಿದೆ ಅಂದರೂ ಮಗು ಸರಿಯಾಗಿ ಬೆಳೆದಿದ್ದರೆ ಗಾಬರಿ ಬೇಡ. ಅಳೆಯುವ ಕೋನ ಚೂರು ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ.