ಮ್ವಾ ಅಂದ್ರೂ ನಾನು, ಜ ಅಂದ್ರೂ ನಾನು: ಫ್ರೆಂಚ್‌ನಲ್ಲಿ ಎರಡೆರಡು ಯಾಕೆ?

"ಫ್ರೆಂಚ್ ಕಲೀತಿದ್ದೇನೆ. 'ನಾನು' ಅನ್ನೋದಕ್ಕೆ ಜ ಇದೆ, ಮತ್ತೆ ಮ್ವಾ ಯಾಕೆ? ಮ್ವಾ, ತ್ವಾ, ಲುಯಿ ಇವನ್ನೆಲ್ಲ ಎಲ್ಲಿ ಹಾಕಲೇಬೇಕು?"

'ಬರ್ತೇನೆ' ಅನ್ನೋದರ ಕೊನೆಯ 'ಏನೆ' ನೋಡಿ. ಮಾತಾಡ್ತಿರೋದು ನಾನು ಅಂತ ಅದೇ ಹೇಳುತ್ತೆ. ಆದ್ರೆ ಬಾಗಿಲ ಹಿಂದಿನಿಂದ "ಯಾರು?" ಅಂದ್ರೆ ಬರೀ "ಏನೆ" ಅಂತ ಯಾರೂ ಹೇಳಲ್ಲ, ಅಲ್ವಾ? ಜ ಕೂಡ ಹಾಗೇ. ಬರೆಯುವಾಗ ಬೇರೆ ಪದದ ಹಾಗೆ ಕಂಡರೂ ಅದು ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತೆ. ಒಂಟಿಯಾಗಿ ನಿಲ್ಲೋ ಶಕ್ತಿ ಇರೋದು ಮ್ವಾಗೆ.

ಹಾಗಾಗಿ ಕ್ರಿಯಾಪದದ ಆಸರೆ ಇಲ್ಲದ ಕಡೆ ಮ್ವಾ ಬೇಕೇ ಬೇಕು. ಬಾಗಿಲಲ್ಲಿ "ಸೆ ಮ್ವಾ" (ನಾನೇ), "ನಾನೂ ಅಷ್ಟೇ" ಅನ್ನೋಕೆ "ಮ್ವಾ ಓಸಿ". "ನನ್ನ ಜೊತೆ" ಅಂದ್ರೆ "ಅವೆಕ್ ಮ್ವಾ", "ನಮ್ಮನೇಲಿ" ಅಂದ್ರೆ "ಶೇ ಮ್ವಾ". ಹೋಲಿಸುವಾಗ "ನನಗಿಂತ" ಅನ್ನೋಕೂ "ಕ ಮ್ವಾ". "ಮ್ವಾ, ಜ ರೆಸ್ತ್" ಅಂತ ಎರಡೂ ಒಟ್ಟಿಗೆ ಬಂದ್ರೆ ಗಾಬರಿ ಬೇಡ, "ನಾನಂತೂ ಇರ್ತೇನೆ" ಅಂದ ಹಾಗೆ.

ಇಷ್ಟು ಬೇಗ ರೂಢಿಯಾಗುತ್ತೆ. ನಿಜವಾಗಿ ಕಾಡೋದು ಲುಯಿ. ಒಮ್ಮೆ ಫ್ರೆಂಚ್ ಗೆಳತಿಯ ಹತ್ತಿರ ಅಮ್ಮನ ವಿಷಯ ಮಾತಾಡ್ತಾ "ಜ ಪಾಂಸ್ ಆ ಲುಯಿ" ಅಂದೆ. "ಅಮ್ಮನ ನೆನಪಾಗ್ತಿದೆ" ಅನ್ನೋದು ನನ್ನ ಲೆಕ್ಕ. ಅವಳು "ಯಾರು, ನಿಮ್ಮಪ್ಪನಾ?" ಅಂದಳು.

ಆಗಿದ್ದು ಏನು ಅಂದ್ರೆ, ಲುಯಿ ಎರಡಿವೆ. ಕ್ರಿಯಾಪದದ ಮುಂದೆ ಕೂರುವ ಲುಯಿಗೆ 'ಅವನಿಗೆ', 'ಅವಳಿಗೆ' ಎರಡೂ ಅರ್ಥ. "ಜ ಲುಯಿ ಪಾರ್ಲ್" ಅಂದ್ರೆ ನಾನು ಮಾತಾಡೋದು ಅಪ್ಪನ ಹತ್ತಿರವೂ ಆಗಬಹುದು, ಅಮ್ಮನ ಹತ್ತಿರವೂ ಆಗಬಹುದು. ಆದ್ರೆ ನಮ್ಮ 'ಗೆ' ಹಾಗಿರೋ ಫ್ರೆಂಚ್‌ನ 'ಆ' ಥರದ ಪದದ ನಂತರ ಒಂಟಿಯಾಗಿ ನಿಲ್ಲುವ ಲುಯಿ ಗಂಡಸಿಗೆ ಮಾತ್ರ. ಹೆಂಗಸಿಗೆ ಅಲ್ಲಿ ಎಲ್. ನಾನು "ಆ ಎಲ್" ಅನ್ನಬೇಕಿತ್ತು.

ಹಾಗಾದ್ರೆ "ಜ ಪಾರ್ಲ್ ಆ ಎಲ್" ಅನ್ನಬಹುದಾ? ಸಾಮಾನ್ಯವಾಗಿ ಇಲ್ಲ. ಮಾತಾಡು, ಫೋನ್ ಮಾಡು, ಉತ್ತರ ಕೊಡು, ಇಂಥ ಕ್ರಿಯಾಪದಗಳಲ್ಲಿ 'ಆ' ಮಾಯವಾಗಿ ಲುಯಿ ಮುಂದಕ್ಕೆ ಬರುತ್ತೆ. ನೆನೆಸಿಕೊಳ್ಳೋ ಪಾಂಸೆ, ಆಸಕ್ತಿ ತೋರಿಸೋ ಸಾಂತೆರೆಸೆ, ಹಚ್ಚಿಕೊಂಡಿರೋ ತನೀರ್, ಇವು ಮಾತ್ರ 'ಆ'ವನ್ನು ಬಿಡಲ್ಲ, ಅದರ ನಂತರ ಮ್ವಾ, ತ್ವಾ, ಎಲ್ ಬರಲೇಬೇಕು. ಯಾವುದು ಯಾವ ಗುಂಪು ಅಂತ ಲಾಜಿಕ್ ಹುಡುಕಿ ನಾನು ಸುಮ್ನೆ ಟೈಮ್ ಹಾಳು ಮಾಡಿದೆ. ಎರಡನೇ ಗುಂಪು ಚಿಕ್ಕದು, ಬಾಯಿಪಾಠ ಮಾಡಿಬಿಡಿ. ಇದೆಲ್ಲ ಮನುಷ್ಯರ ವಿಷಯಕ್ಕೆ. ಪರೀಕ್ಷೆಯ ಬಗ್ಗೆ ಯೋಚನೆ ಮಾಡ್ತಿದ್ರೆ ಲುಯಿಯೂ ಬೇಡ, ಎಲ್ ಕೂಡ ಬೇಡ, ಜ ಜೊತೆ 'ಇ' ಸೇರಿಸಿ "ಜಿ ಪಾಂಸ್" ಅಂದ್ರೆ ಸಾಕು.